ತಕ್ಕಡಿ ಮುಟ್ಟುವ ಮೊದಲು ಕೇಳುವ ಪ್ರಶ್ನೆ

ಕಾಸರಗೋಡು ಪೇಟೆಯ ಒಂದು ಸಿಹಿತಿಂಡಿ ಅಂಗಡಿಯವರು ತಮ್ಮ ಜಾಲತಾಣದ ‘ನಮ್ಮ ಬಗ್ಗೆ’ ಪುಟವನ್ನು ಸರಿಪಡಿಸಿಕೊಡಲು ನನಗೆ ವಹಿಸಿದರು. ಅಂಗಡಿ ಮೂರು ತಲೆಮಾರಿನದು. ಈಗ ಮಗ ಮತ್ತು ಸೊಸೆ ವ್ಯವಹಾರ ನೋಡುತ್ತಾರೆ, ಯಜಮಾನರು ಬೆಳಗ್ಗೆ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾರೆ. ಪುಟ ಸಾವಿರ ಪದ ಮೀರಿತ್ತು. ಅದರ ಆರಂಭ ಹೀಗಿತ್ತು:

“ನಮ್ಮ ಪೂಜ್ಯ ಅಜ್ಜನವರು ಬಾಲ್ಯದಲ್ಲಿಯೇ ಕಡುಬಡತನವನ್ನು ಕಂಡು, ಹಗಲಿರುಳು ದುಡಿದು, ಸಣ್ಣದಾಗಿ ಪ್ರಾರಂಭಿಸಿದ ನಮ್ಮ ಸಂಸ್ಥೆಯು ಇಂದು ಶುದ್ಧತೆ, ಗುಣಮಟ್ಟ ಮತ್ತು ನಂಬಿಕೆಗಳೆಂಬ ಮೂರು ಆಧಾರಸ್ತಂಭಗಳ ಮೇಲೆ ಹೆಮ್ಮರವಾಗಿ ಬೆಳೆದು ನಿಂತಿದೆ ಎಂದು ತಿಳಿಸಲು ನಾವು ಹರ್ಷಿಸುತ್ತೇವೆ.”

ಇದರಲ್ಲಿ ಸುಳ್ಳು ಏನೂ ಇಲ್ಲ. ಅಜ್ಜ ಕಷ್ಟಪಟ್ಟದ್ದು ನಿಜ, ಅಂಗಡಿ ಬೆಳೆದದ್ದೂ ನಿಜ. ಆದರೆ ‘ಸಿಹಿತಿಂಡಿ’ ಎಂಬ ಮಾತೇ ಈ ವಾಕ್ಯದಲ್ಲಿ ಬರುವುದಿಲ್ಲ. ‘ಅಜ್ಜ’ ಎಂಬಲ್ಲಿ ಬಟ್ಟೆ ಅಂಗಡಿಯ ಅಜ್ಜನನ್ನೋ ಪಾತ್ರೆ ಅಂಗಡಿಯ ಅಜ್ಜನನ್ನೋ ತಂದು ನಿಲ್ಲಿಸಿದರೂ ವಾಕ್ಯ ಅಲುಗಾಡದೆ ನಿಲ್ಲುತ್ತದೆ. ನಾನು ಯಾವ ಪುಟವನ್ನು ಕೈಗೆತ್ತಿಕೊಂಡರೂ ಮೊದಲು ನೋಡುವುದು ಇದನ್ನೇ: ಬೇರೆ ಅಂಗಡಿಗೂ ಒಪ್ಪುವ ವಾಕ್ಯ ಯಾವುದಿದೆಯೋ ಅದಕ್ಕೆ ಪೆನ್ಸಿಲಿನಲ್ಲಿ ಅಡ್ಡಗೆರೆ. ಆ ಪುಟದಲ್ಲಿ ಗೆರೆ ಬೀಳದೆ ಉಳಿದದ್ದು ಅರ್ಧ ಪುಟಕ್ಕೂ ಕಡಿಮೆ.

ಎರಡನೆಯ ಪರೀಕ್ಷೆ ಕ್ರಿಯಾಪದಗಳದು. ವಾಕ್ಯದ ಕೆಲಸ ಮಾಡುತ್ತಿರುವವರು ಯಾರು ಎಂದು ಒಂದೊಂದಾಗಿ ಗುರುತಿಸುತ್ತಾ ಹೋಗಬೇಕು. ‘ನಾವು’, ‘ನಮ್ಮ’ ಎಂಬ ಪದಗಳನ್ನು ಮಾತ್ರ ಎಣಿಸಿದರೆ ಸಾಲದು. ಕನ್ನಡದಲ್ಲಿ ‘ಹರ್ಷಿಸುತ್ತೇವೆ’, ‘ಬೆಳೆಸಿದ್ದೇವೆ’, ‘ಒದಗಿಸುತ್ತೇವೆ’ ಎಂದ ಮೇಲೆ ‘ನಾವು’ ಬರೆಯದಿದ್ದರೂ ಅಲ್ಲಿ ಇದ್ದೇ ಇರುತ್ತದೆ. ಹೀಗೆ ಗುರುತಿಸಿದಾಗ ಗ್ರಾಹಕರು ಬಂದದ್ದು ಒಂದೇ ಕಡೆ, ಕೊನೆಯ ಪ್ಯಾರಾದಲ್ಲಿ: “ಗ್ರಾಹಕರೇ ನಮ್ಮ ದೇವರು.” ದೇವರಾದವರಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಅವರು ಏನನ್ನೂ ಕೊಳ್ಳುವುದಿಲ್ಲ, ಕೇಳುವುದಿಲ್ಲ, ಯಾರಿಗೂ ಹಂಚುವುದಿಲ್ಲ.

ಇಲ್ಲಿ ಹಲವರು ಒಂದು ಸುಲಭದ ದಾರಿ ಹಿಡಿಯುತ್ತಾರೆ. ‘ನಮ್ಮ’ ಇದ್ದಲ್ಲೆಲ್ಲ ‘ನಿಮ್ಮ’ ಎಂದು ತಿದ್ದಿ, “ನಿಮ್ಮ ಬದುಕಿನ ಸಿಹಿ ಕ್ಷಣಗಳಲ್ಲಿ ನಿಮ್ಮೊಂದಿಗೆ” ಎಂದು ಬರೆದು ಮುಗಿಸುತ್ತಾರೆ. ಅದರಿಂದ ಪುಟ ಗ್ರಾಹಕರದ್ದಾಗುವುದಿಲ್ಲ. ಗ್ರಾಹಕರಿಗೆ ಒಂದು ಮನೆ, ಒಂದು ಸಂದರ್ಭ, ಒಂದು ತೊಡಕು ಇರಬೇಕು. ಆ ತೊಡಕು ಬಿಡಿಸುವಲ್ಲಿ ಅಂಗಡಿಯ ಕೈ ಇರಬೇಕು. ಆಗ ಮಾತ್ರ ಅದು ಕತೆ.

ಆ ತೊಡಕು ಏನೆಂದು ಯಜಮಾನರಿಗೆ ಗೊತ್ತಿರುತ್ತದೆ, ಆದರೆ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಅದು ಅವರಿಗೆ ಅಷ್ಟು ರೂಢಿಯಾಗಿಬಿಟ್ಟಿರುತ್ತದೆ. ಹಾಗಾಗಿ ನಾನು ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೇಳಿಸಿಕೊಳ್ಳುತ್ತೇನೆ, ಆರ್ಡರ್ ಪುಸ್ತಕ ತಿರುವುತ್ತೇನೆ, ಫೋನಿನಲ್ಲಿ ಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಈ ಅಂಗಡಿಯಲ್ಲಿ “ನಿಮ್ಮ ಅಂಗಡಿ ಯಾವಾಗ ಶುರುವಾದದ್ದು?” ಎಂದು ಯಾರೂ ಕೇಳಲಿಲ್ಲ. ಕೇಳುತ್ತಿದ್ದದ್ದು ಹೀಗೆ: “ಇದು ಎಷ್ಟು ದಿನ ಇರುತ್ತದೆ?” “ದುಬಾಯಿಗೆ ಕೊಂಡುಹೋಗಬಹುದಾ?” “ಬದಿಯಡ್ಕದಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಚೌತಿಗೆ ಮುಟ್ಟಿಸುತ್ತೀರಾ?” “ಹೋಳಿಗೆ ಕಾಯಿಯದ್ದೋ ಬೇಳೆಯದ್ದೋ?”

ಪುಟ ಓದುವವರೂ ಇವರೇ. ಪಕ್ಕದ ಬೀದಿಯಿಂದ ಬರುವವರಿಗೆ ಅಂಗಡಿಯ ಪರಿಚಯ ಬೇಕಿಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇದ್ದು ಊರಿನ ಮನೆಗೆ ಏನಾದರೂ ಕಳುಹಿಸಬೇಕೆಂದಿರುವವರು, ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾಗಿ ಮೊದಲ ಸಲ ದೊಡ್ಡ ಆರ್ಡರ್ ಕೊಡಬೇಕಾದವರು, ಹಣ ಕಳುಹಿಸುವ ಮೊದಲು ‘ಇವರು ಎಂಥವರು’ ಎಂದು ನೋಡಲು ಆ ಪುಟ ತೆರೆಯುತ್ತಾರೆ.

ಹಳೆಯ ಗ್ರಾಹಕರೊಂದಿಗೆ ಮಾತಾಡುವಾಗಲೂ ಪ್ರಶ್ನೆ ಸರಿಯಾಗಿರಬೇಕು. “ಈ ಅಂಗಡಿ ಹೇಗೆ?” ಎಂದರೆ “ಒಳ್ಳೆಯ ಅಂಗಡಿ” ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ಬರೆಯಲಾಗದು. “ಕೊನೆಯ ಸಲ ಯಾರಿಗೋಸ್ಕರ ಕೊಂಡಿರಿ? ಕೊಂಡುಹೋದ ಮೇಲೆ ಏನಾಯಿತು?” ಎಂದು ಕೇಳಬೇಕು. ನೀರ್ಚಾಲು ಕಡೆಯ ಒಬ್ಬ ಅಧ್ಯಾಪಕಿ ಹೇಳಿದ್ದು ಇಡೀ ಪುಟಕ್ಕೆ ದಾರಿ ತೋರಿಸಿತು. ಮಗನ ಉಪನಯನಕ್ಕೆ ಮುಂಬಯಿಯಿಂದ ಬಂದಿದ್ದ ಚಿಕ್ಕಮ್ಮ ನೇತ್ರಾವತಿ ರೈಲಿಗೆ ಹೊರಡುವವರಿದ್ದರು. ಅವರಿಗೆ ಪೇಡ ಪ್ರೀತಿ. ಇವರು ಎರಡು ಕಿಲೋ ಪೇಡ ಕೇಳಿದಾಗ ಯಜಮಾನರು ತೂಕ ಮಾಡದೆ, “ಯಾವಾಗ ಹೊರಡುವುದು, ಅಲ್ಲಿ ಎಷ್ಟು ದಿನ ಇಡುತ್ತಾರೆ?” ಎಂದು ಕೇಳಿದರಂತೆ. ವಿಷಯ ತಿಳಿದ ಮೇಲೆ, “ಪೇಡ ಕಾಲು ಕಿಲೋ ಸಾಕು, ಅದು ದಾರಿಯಲ್ಲೇ ಮುಗಿಯಲಿ. ಉಳಿದದ್ದಕ್ಕೆ ಹಲ್ವ ಮತ್ತು ಮೈಸೂರು ಪಾಕ್ ಕೊಡುತ್ತೇನೆ” ಎಂದರಂತೆ.

ನಾನು ಯಜಮಾನರಲ್ಲಿ ಇದನ್ನು ಪ್ರಸ್ತಾಪಿಸಿದಾಗ, “ಅದು ಅಪ್ಪ ಕಲಿಸಿದ ಅಭ್ಯಾಸ. ಎಷ್ಟು ದೂರ, ಎಷ್ಟು ದಿನ ಎಂದು ಕೇಳದೆ ತಕ್ಕಡಿ ಮುಟ್ಟಬಾರದು ಎನ್ನುತ್ತಿದ್ದರು” ಎಂದರು. ಸಾವಿರ ಪದಗಳ ಪುಟದಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ.

ಈ ಪ್ರಶ್ನೆಯ ಹಿಂದೆ ನಿಜವಾದ ಕಸುಬು ಇದೆ. ಹಾಲಿನ ತಿಂಡಿಯಲ್ಲಿ ನೀರಿನಂಶ ಹೆಚ್ಚು. ಕರಾವಳಿಯ ಸೆಕೆ ಮತ್ತು ತೇವದಲ್ಲಿ ಅದು ಬೇಗ ಹುಳಿ ಹಿಡಿಯುತ್ತದೆ. ಹಸಿ ತೆಂಗಿನಕಾಯಿಯ ಹೂರಣಕ್ಕೂ ಅದೇ ಗತಿ. ಗಟ್ಟಿ ಪಾಕ ಮತ್ತು ತುಪ್ಪದಲ್ಲಿ ಬೆಂದ ಮೈಸೂರು ಪಾಕ್, ನೀರು ಆರುವವರೆಗೆ ಮಗುಚಿದ ನೇಂದ್ರಬಾಳೆಯ ಹಲ್ವ ಹೆಚ್ಚು ದಿನ ತಾಳುತ್ತವೆ. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆಯೂ ಯಾವ ದಿನದೊಳಗೆ ತಿಂದರೆ ಒಳ್ಳೆಯದು ಎಂದು ಬರೆದಿಡಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶ ಜಾರಿಗೆ ಬಂದದ್ದು 2020ರ ಅಕ್ಟೋಬರ್ 1ರಿಂದ. ಈ ಅಜ್ಜ ಅದಕ್ಕೂ ಎಷ್ಟೋ ವರ್ಷ ಮೊದಲೇ ಬಾಯಿಮಾತಿನಲ್ಲಿ ಅದನ್ನು ಹೇಳುತ್ತಿದ್ದರು. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಘೋಷಣೆಗಿಂತ ಈ ಸಂಗತಿ ಓದುಗರಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ, ಏಕೆಂದರೆ ಇಲ್ಲಿ ಅಂಗಡಿಯವರು ಕೈಗೆ ಬಂದ ವ್ಯಾಪಾರವನ್ನು ಗಿರಾಕಿಯ ಒಳಿತಿಗಾಗಿ ಬದಲಾಯಿಸುತ್ತಿದ್ದಾರೆ.

ಅಧ್ಯಾಪಕಿಯ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು, ಹೊಸ ಪುಟವನ್ನು ಹೀಗೆ ಆರಂಭಿಸಿದೆ:

“ಉಪನಯನ ಮುಗಿಯಿತು. ಮುಂಬಯಿಯ ಚಿಕ್ಕಮ್ಮ ನಾಳೆ ರೈಲಿಗೆ ಹೊರಡುತ್ತಾರೆ. ಅವರಿಗೆ ಪೇಡ ಇಷ್ಟ. ಆದರೆ ಊರು ಮುಟ್ಟುವ ಮೊದಲೇ ಕೆಟ್ಟರೆ?

ಈ ಯೋಚನೆ ಹೊತ್ತು ನಮ್ಮಲ್ಲಿಗೆ ಬಂದರೆ, ತಕ್ಕಡಿ ಮುಟ್ಟುವ ಮೊದಲು ಕೇಳುತ್ತೇವೆ: ಎಷ್ಟು ದೂರ ಹೋಗಬೇಕು? ಎಷ್ಟು ದಿನ ಇರಬೇಕು?

ದಾರಿಯಲ್ಲಿ ತಿನ್ನಲು ಸ್ವಲ್ಪ ಪೇಡ ಕಟ್ಟಿಕೊಡುತ್ತೇವೆ. ಅಲ್ಲಿಯ ಮನೆಯವರಿಗೆ ಹಂಚಲು ನೇಂದ್ರಬಾಳೆಯ ಹಲ್ವ, ಮೈಸೂರು ಪಾಕ್. ಕಾಯಿ ಹೋಳಿಗೆಯನ್ನು ದೂರದ ಪ್ರಯಾಣಕ್ಕೆ ಕೊಡುವುದಿಲ್ಲ. ಅದನ್ನು ಮಾಡಿದ ದಿನವೇ, ತುಪ್ಪ ಸುರಿದುಕೊಂಡು, ಮನೆಯಲ್ಲಿ ತಿನ್ನಬೇಕು.

ಹೀಗೆ ಕೇಳುವುದನ್ನು ನಮ್ಮ ಅಜ್ಜ ಶುರುಮಾಡಿದರು. ಅವರು ಕೂರುತ್ತಿದ್ದ ಜಾಗದಲ್ಲಿ ಈಗ ಅಪ್ಪ ಕೂರುತ್ತಾರೆ. ಪ್ರಶ್ನೆ ಬದಲಾಗಿಲ್ಲ.”

ಇದರ ಕೆಳಗೆ ಊರಿನಿಂದ ಹೊರಗಿರುವವರಿಗಾಗಿ ನಾಲ್ಕು ಸಾಲು: ಯಾವ ಊರುಗಳಿಗೆ ಮುಟ್ಟಿಸುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಮನೆಯಲ್ಲಿ ಯಾರಿಗೆ ಫೋನ್ ಮಾಡಿ ಕೊಡುತ್ತಾರೆ. ಕೊನೆಗೆ ವಿಳಾಸ, ಫೋನ್, ಪರವಾನಗಿ ಸಂಖ್ಯೆ. ಅಷ್ಟೇ.

ಯಜಮಾನರಿಗೆ ಮೊದಲು ನೋವಾಯಿತು. “ಅಪ್ಪನ ಇಡೀ ಜೀವನವನ್ನು ಎರಡು ಸಾಲು ಮಾಡಿಬಿಟ್ಟಿರಲ್ಲ ಅಕ್ಕ” ಎಂದರು. ಆ ನೋವನ್ನು ನಾನು ಲಘುವಾಗಿ ಕಾಣುವುದಿಲ್ಲ. ಕುಟುಂಬದ ಅಂಗಡಿಯ ಪುಟ ಉದ್ದವಾಗುವುದು ಹಿರಿಯರ ಋಣ ತೀರಿಸುವ ಆಸೆಯಿಂದಲೇ. ಹಳೆಯ ಪುಟದ ಅಜ್ಜ ಕಷ್ಟಪಟ್ಟ ವ್ಯಕ್ತಿ, ಹೊಸ ಪುಟದ ಅಜ್ಜ ಗಿರಾಕಿಯ ಮುಖ ನೋಡಿ ಮಾತಾಡುವ ವ್ಯಕ್ತಿ ಎಂದು ಎರಡನ್ನೂ ಜೋರಾಗಿ ಓದಿ ತೋರಿಸಿದೆ. ಸೊಸೆ ಮಧ್ಯೆ ಬಂದು, “ಮಾವ, ಅಜ್ಜನನ್ನು ನಾನು ನೋಡಿಲ್ಲ. ಇದರಲ್ಲಿ ಕಾಣಿಸುತ್ತಾರೆ” ಎಂದರು. ಪೂರ್ತಿ ಜೀವನಕಥೆಯನ್ನು ಬೇರೊಂದು ಪುಟವಾಗಿ ಉಳಿಸಿದೆವು. ಬೇಕಾದವರು ಒತ್ತಿ ಓದಬಹುದು.

‘ಶುದ್ಧ’, ‘ತಾಜಾ’, ‘ಸಾಂಪ್ರದಾಯಿಕ’, ‘ಅಸಲಿ’ ಎಂಬ ವಿಶೇಷಣಗಳನ್ನು ತೆಗೆದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗೆಗಿನ 2018ರ ನಿಯಮಗಳು ಇಂಥ ಪದಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೆ ಷರತ್ತು ಹಾಕಿವೆ. ‘ತುಪ್ಪದಲ್ಲಿ ಮಾಡಿದ್ದು’ ಎಂದು ನಿಜವನ್ನು ಹೇಳಿದರೆ ಸಾಕು, ಮುಂದೆ ‘ಪರಿಶುದ್ಧ’ ಬೇಡ.

ಕಷ್ಟ ಎದುರಾದದ್ದು ಪುಟ ಸಿದ್ಧವಾದ ಮೇಲೆ. ಯಜಮಾನರು ಇರುವ ಹೊತ್ತಿನಲ್ಲಿ ಆ ಪ್ರಶ್ನೆ ಕೇಳುತ್ತಾರೆ, ಸಂಜೆ ಕೌಂಟರಿನಲ್ಲಿರುವ ಹುಡುಗರು ಕೇಳುತ್ತಿರಲಿಲ್ಲ. ಚೌತಿಯ ಮುನ್ನಾದಿನ ಗಿರಾಕಿಗಳು ಬಾಗಿಲವರೆಗೆ ನಿಂತಿರುವಾಗ ಯಜಮಾನರಿಗೂ ಕೇಳಲಾಗದು. ಪುಟ ಓದಿ ಬಂದವರಿಗೆ ಅಲ್ಲಿ ಆ ಅನುಭವ ಸಿಗದಿದ್ದರೆ ನಮ್ಮ ಕತೆ ಹುಸಿಯಾಗುತ್ತದೆ. ಹಾಗಾಗಿ ಪ್ರಕಟಿಸುವ ಮೊದಲು ಸೊಸೆ ಹುಡುಗರನ್ನು ಕೂರಿಸಿ ಯಾವ ತಿಂಡಿ ಎಷ್ಟು ದಿನ ಎಂಬುದನ್ನು ಬಾಯಿಪಾಠ ಮಾಡಿಸಿದರು, ಹಬ್ಬದ ದಿನಗಳಿಗೆ ಅದನ್ನೇ ಬೋರ್ಡಿನಲ್ಲಿ ಬರೆಸಿ ತೂಗುಹಾಕಿದರು. ಹುಡುಗರು ತಾವಾಗಿಯೇ ಕೇಳತೊಡಗಿದ ಮೇಲೆ ಪುಟವನ್ನು ಬಿಡುಗಡೆ ಮಾಡಿದೆವು.

ಅದಕ್ಕೂ ಮೊದಲು ಅಂಗಡಿಯನ್ನು ಕಂಡೇ ಇರದ ಇಬ್ಬರು ಮೂವರಿಗೆ ಓದಲು ಕೊಟ್ಟಿದ್ದೆ. “ಚೆನ್ನಾಗಿದೆಯಾ?” ಎಂದು ನಾನು ಕೇಳುವುದಿಲ್ಲ. ಪುಟ ಮುಚ್ಚಿಸಿ, “ಇವರಲ್ಲಿ ಏನು ತರಿಸುತ್ತೀರಿ, ಯಾರಿಗೆ?” ಎಂದು ಕೇಳುತ್ತೇನೆ. ಒಬ್ಬರು ಕೂಡಲೇ, “ಹೈದರಾಬಾದಿನಲ್ಲಿರುವ ತಮ್ಮನಿಗೆ ಹಲ್ವ” ಎಂದರು. ಹಳೆಯ ಪುಟ ಓದಿದವರಿಗೆ ನೆನಪಿದ್ದದ್ದು ಅಜ್ಜ ಬಡವರಾಗಿದ್ದರು ಎಂಬುದು ಮಾತ್ರ.

ಮಲಯಾಳದ ಪುಟ ಇನ್ನೂ ಆಗಬೇಕಿದೆ. ಕನ್ನಡದ್ದನ್ನೇ ಅನುವಾದಿಸಿದರೆ ಸಾಕು ಎಂದು ಮಗ ಹೇಳಿದರು; ನಾನು ಒಪ್ಪಲಿಲ್ಲ. ಅದೇ ಅಂಗಡಿ, ಅದೇ ಪ್ರಶ್ನೆ, ಆದರೆ ಬರುವ ಮನೆ ಬೇರೆ, ಹಬ್ಬ ಬೇರೆ, ಕೊಂಡುಹೋಗುವ ತಿಂಡಿಯೂ ಬೇರೆ. ಓಣಂ ಸಮಯದಲ್ಲಿ ಮಲಯಾಳದಲ್ಲಿ ಬರೆಯುವ ಗೆಳತಿಯೊಬ್ಬರನ್ನು ಅದೇ ಸ್ಟೂಲಿನ ಮೇಲೆ ಕೂರಿಸುವುದೆಂದು ಮಾತಾಗಿದೆ.