ಸುಗ್ಗಿ ಕಂತು: ವಾಹನ ಸಾಲವನ್ನು ಬೆಳೆಯ ಹಣಕ್ಕೆ ಹೊಂದಿಸುವ ಬಗೆ

ತಿಂಗಳಿಗೊಂದು ಕಂತು ಎಂಬ ಏರ್ಪಾಡು ತಿಂಗಳಿಗೊಮ್ಮೆ ಸಂಬಳ ಎಣಿಸುವವರಿಗೆ ಸರಿ. ಹಣ ವರ್ಷಕ್ಕೆ ಎರಡೇ ಸಲ ಕಾಣುವ ಬೇಸಾಯದ ಮನೆಯಲ್ಲಿ ಅದೇ ಏರ್ಪಾಡು ನಡುವಿನ ತಿಂಗಳುಗಳಲ್ಲಿ ಕೈಸಾಲಕ್ಕೆ ದಾರಿ ಮಾಡುತ್ತದೆ. ಬೆಳೆ ಮಾರಿದ ಹಣ ಬರುವ ಕಾಲಕ್ಕೆ, ಆ ಹಣದ ಅಳತೆಗೆ ತಕ್ಕಂತೆ ಗೊತ್ತುಮಾಡಿದ ಕಂತನ್ನು ಸುಗ್ಗಿ ಕಂತು ಎನ್ನಬಹುದು. ಅರ್ಜಿ ಕೊಡುವಾಗ 'ಅರ್ಧ ವಾರ್ಷಿಕ ಕಂತು' ಎಂದು ಕೇಳಿದರೆ ಸಾಲ ಕೊಡುವವರಿಗೆ ಬೇಗ ಅರ್ಥವಾಗುತ್ತದೆ. ಆದರೆ ಆರು ತಿಂಗಳಿಗೊಮ್ಮೆ ಸಮನಾಗಿ ಕಟ್ಟುವುದಷ್ಟೇ ಸುಗ್ಗಿ ಕಂತಲ್ಲ. ದೊಡ್ಡ ಬೆಳೆಗೆ ದೊಡ್ಡ ಕಂತು, ಸಣ್ಣ ಬೆಳೆಗೆ ಸಣ್ಣದು ಇರಬೇಕು.

ಒಂದು ಲೆಕ್ಕ ನೋಡೋಣ. ವಾಹನಕ್ಕೆ 6 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, ಐದು ವರ್ಷದ ಅವಧಿ. ತಿಂಗಳ ಕಂತಾದರೆ ಸುಮಾರು 13,347 ಬೀಳುತ್ತದೆ. ಈ ಮನೆಗೆ ಮುಖ್ಯ ಬೆಳೆಯಿಂದ ಉಳಿಯುವ ಹಣ ಎರಡನೇ ಬೆಳೆಯದಕ್ಕಿಂತ ಇಮ್ಮಡಿ ಎಂದುಕೊಳ್ಳಿ. ಮುಖ್ಯ ಬೆಳೆ ಮಾರಿದ ಹಣದಲ್ಲಿ ಮುಂಗಡ ಕಟ್ಟಿ ವಾಹನ ತಂದರೆ ಮೊದಲ ಕಂತು ಆರು ತಿಂಗಳ ನಂತರ, ಸಣ್ಣ ಬೆಳೆಯ ಹೊತ್ತಿಗೆ ಬರುತ್ತದೆ. ಆರು ತಿಂಗಳಿಗೆ ಶೇ. 6ರಂತೆ ಬಡ್ಡಿ ಹಿಡಿದರೆ ಸಣ್ಣ ಕಂತು ಸುಮಾರು 54,880, ದೊಡ್ಡದು 1,09,760. ಐದು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ತಿಂಗಳ ಕಂತಿಗಿಂತ ಸುಮಾರು 22,400 ರೂಪಾಯಿ ಹೆಚ್ಚು. ಅಸಲು ನಿಧಾನವಾಗಿ ಕರಗುವುದಕ್ಕೆ ತೆರುವ ಬೆಲೆ ಇದು. ನಡುವಿನ ತಿಂಗಳುಗಳಲ್ಲಿ ಕೈಸಾಲಕ್ಕೆ ತೆರುವ ಬಡ್ಡಿ ಇದಕ್ಕಿಂತ ಹೆಚ್ಚಾಗುವಂತಿದ್ದರೆ ಮಾತ್ರ ಸುಗ್ಗಿ ಕಂತು ಲಾಭ. ಹಾಲಿನಿಂದಲೋ ಬಾಡಿಗೆಯಿಂದಲೋ ತಿಂಗಳ ಹಣ ಬರುವ ಮನೆಗೆ ತಿಂಗಳ ಕಂತೇ ಅಗ್ಗ.

ಸಣ್ಣ ಕಂತನ್ನು ಎಷ್ಟು ಬೇಕಾದರೂ ಇಳಿಸಲಾಗದು. ಮೊದಲ ಆರು ತಿಂಗಳ ಬಡ್ಡಿಯೇ 36,000. ಕಂತು ಅದಕ್ಕಿಂತ ಕಡಿಮೆಯಾದರೆ ಉಳಿದ ಬಡ್ಡಿ ಬಾಕಿಗೆ ಸೇರಿ, ಕಟ್ಟಿದ ಮೇಲೂ ಸಾಲ ಬೆಳೆದಿರುತ್ತದೆ. ಕಂತಿನ ಪಟ್ಟಿಯಲ್ಲಿ ಇದು ಸುಲಭವಾಗಿ ಕಾಣುತ್ತದೆ: ಯಾವುದಾದರೂ ಸಾಲಿನ ಕೊನೆಯ ಬಾಕಿ ಆ ಸಾಲಿನ ಆರಂಭದ ಬಾಕಿಗಿಂತ ಹೆಚ್ಚಿದ್ದರೆ ಸಹಿ ಹಾಕುವ ಮೊದಲೇ ಕೇಳಬೇಕು.

ಹೆಚ್ಚಿನವರು ಎಡವುವುದು ಮೊತ್ತದಲ್ಲಲ್ಲ, ತಾರೀಖಿನಲ್ಲಿ. ಕೊಯ್ಲಿನ ದಿನ ಹಣದ ದಿನವಲ್ಲ. ಒಕ್ಕಣೆ, ಒಣಗಿಸುವುದು, ಮಾರಾಟ, ಕೊಂಡವರು ಹಣ ಕೊಡುವವರೆಗಿನ ಕಾಯುವಿಕೆ ಎಲ್ಲವೂ ನಡುವೆ ಇವೆ. ಕಳೆದ ಮೂರು ವರ್ಷದ ಪಾಸ್‌ಬುಕ್ ತೆಗೆದು ಬೆಳೆಯ ಹಣ ಜಮೆಯಾದ ತಾರೀಖುಗಳನ್ನು ಗುರುತು ಹಾಕಿ. ಆ ಮೂರರಲ್ಲಿ ತೀರಾ ತಡವಾದದ್ದನ್ನು ಹಿಡಿದು, ಅದರ ಮೇಲೆ ಎರಡು ವಾರ ಬಿಟ್ಟು ಕಂತಿನ ದಿನ ಕೇಳಿ. ಸರಾಸರಿ ಹಿಡಿದರೆ ತಡವಾದ ವರ್ಷ ಸಿಕ್ಕಿಬೀಳುತ್ತೀರಿ.

ಕಂತು ಕೊಯ್ಲಿಗೆ ತೀರಾ ಹತ್ತಿರವಿದ್ದರೆ ಇನ್ನೊಂದು ಕಾಣದ ನಷ್ಟವಿದೆ. ಎಲ್ಲರ ಮಾಲೂ ಒಟ್ಟಿಗೆ ಬಂದು ದರ ಬಿದ್ದಿರುವ ವಾರದಲ್ಲೇ ಕಂತಿಗೋಸ್ಕರ ಮಾರಬೇಕಾಗುತ್ತದೆ. ದೊಡ್ಡ ಕಂತಿನ ದಿನವನ್ನು ಒಂದು ತಿಂಗಳು ಮುಂದೆ ಹಾಕಿಸಿಕೊಂಡಿದ್ದರೆ ಆ ಕಂತಿನ ಮೇಲೆ ಬೀಳುವ ಬಡ್ಡಿ ಸುಮಾರು 1,100. ಮಾರಲು 100 ಕ್ವಿಂಟಾಲ್ ಇದ್ದರೆ ಕ್ವಿಂಟಾಲಿಗೆ 11 ರೂಪಾಯಿ ಆಯಿತು. ಕಾದಿದ್ದರಿಂದ ದರ ಅದಕ್ಕಿಂತ ಹೆಚ್ಚು ಏರಿದರೆ, ದಾಸ್ತಾನಿನ ಖರ್ಚು ಕಳೆದು ಮಿಕ್ಕಿದ್ದು ಲಾಭ. ಈ ಲೆಕ್ಕ ಪಟ್ಟಿಯಲ್ಲೇ ಬರೆದ ದಿನಕ್ಕೆ ಅನ್ವಯ. ನೀವಾಗಿಯೇ ತಡ ಮಾಡಿದರೆ ದಂಡದ ಶುಲ್ಕವೂ ಬೀಳಬಹುದು.

ಬೆಳೆಯ ಹಣವೆಲ್ಲ ಕಂತಿನದಲ್ಲ ಎಂಬುದನ್ನೂ ಮರೆಯಬಾರದು. ಮೊದಲು ಮುಂದಿನ ಬಿತ್ತನೆಯ ಖರ್ಚು, ಆಮೇಲೆ ಮನೆಯ ಆರು ತಿಂಗಳ ಖರ್ಚು ತೆಗೆದಿಟ್ಟು, ಉಳಿದದ್ದರಲ್ಲಿ ಕಂತು ಹಿಡಿಸಬೇಕು. ನಮ್ಮ ಉದಾಹರಣೆಯಲ್ಲಿ ಇನ್ನೊಂದು ತೊಡಕಿದೆ: ವಾಹನ ಕೊಂಡದ್ದು ಮುಖ್ಯ ಸುಗ್ಗಿಯ ಹೊತ್ತಿಗೆ, ಹಾಗಾಗಿ ವರ್ಷವರ್ಷದ ವಿಮೆಯ ನವೀಕರಣವೂ ದೊಡ್ಡ ಕಂತಿನ ಆಸುಪಾಸಿಗೇ ಬಂದು ಕೂರುತ್ತದೆ. ಕಂತಿನ ಮೊತ್ತ ಒಪ್ಪುವಾಗ ಇದನ್ನೂ ಕೂಡಿಕೊಳ್ಳಿ.

ಬಾಯಿಮಾತಿನಲ್ಲಿ 'ಸುಗ್ಗಿಗೆ ಕಟ್ಟಿ' ಎಂದು ಒಪ್ಪಿ, ಕಾಗದದಲ್ಲಿ ತಿಂಗಳ ಕಂತು ಇರುವುದೂ ಉಂಟು. ಮೂರು ಕಡೆ ಒಂದೇ ತಾರೀಖು ಇದೆಯೇ ನೋಡಿ: ಕರಾರುಪತ್ರ, ಕಂತಿನ ಪಟ್ಟಿ, ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆ ಪತ್ರ. ಒಪ್ಪಿಗೆ ಪತ್ರದಲ್ಲಿ 'ಪ್ರತಿ ತಿಂಗಳು' ಎಂದು ಗುರುತು ಬಿದ್ದಿದ್ದರೆ, ಪಟ್ಟಿ ಏನೇ ಹೇಳಲಿ, ಖಾಲಿ ಖಾತೆಗೆ ತಿಂಗಳು ತಿಂಗಳೂ ಬೇಡಿಕೆ ಬಂದು ಪ್ರತಿ ಸಲವೂ ವಾಪಸಾತಿ ಶುಲ್ಕ ಬೀಳಬಹುದು. ಮಳೆ ಕೈಕೊಟ್ಟ ವರ್ಷ ಕಂತು ಮುಂದೂಡಲು ಕೇಳುವುದಿದ್ದರೆ ಕಂತಿನ ದಿನಕ್ಕೆ ಮೊದಲೇ ಲಿಖಿತವಾಗಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಒಮ್ಮೆ ಬಾಕಿ ಎಂದು ದಾಖಲಾದ ಮೇಲೆ ಅದೇ ಅರ್ಜಿಯ ಮಾತು ನಡೆಯುವುದು ಕಷ್ಟ.