ಬಸುರಿಯ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬಹುದೇ?

ಪ್ರಶ್ನೆ: ನನಗೆ ಏಳು ತಿಂಗಳು. ಸಂಜೆಯಾದರೆ ಎರಡೂ ಪಾದ ಊದುತ್ತವೆ, ಮೊಣಕಾಲಿನ ಹಿಂದೆ ನೀಲಿ ನರಗಳು ಉಬ್ಬಿವೆ. ನಾಲ್ಕು ದಿನದಿಂದ ಎಡಗಾಲಿನ ಮೀನಖಂಡ ನೋಯುತ್ತಿದೆ, ಆ ಕಾಲು ಹೆಚ್ಚು ಊದಿದೆ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಇಳಿಯುತ್ತದೆ ಎನ್ನುತ್ತಾರೆ ಅತ್ತೆ. ತಿಕ್ಕಬಹುದೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ತಿಕ್ಕಬೇಡಿ. ಇಂದೇ ಆಸ್ಪತ್ರೆಗೆ ಹೋಗಿ ಕಾಲನ್ನು ತೋರಿಸಿ.

ಪ್ರತಿ ಮಳೆಗಾಲವೂ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಆದರೂ ಎಣ್ಣೆಯ ಬಟ್ಟಲು ಮಾತ್ರ ಕೆಳಗಿಳಿಯುತ್ತಿಲ್ಲ. ಆದ್ದರಿಂದ ಈ ಬಾರಿ ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ.

ಎರಡೂ ಪಾದಗಳು ಸಮನಾಗಿ ಊದಿ, ಮಲಗಿ ಎದ್ದಾಗ ಇಳಿಯುವುದು ಬಸಿರಿನಲ್ಲಿ ಸಾಮಾನ್ಯ. ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮುಖದ ಊತ ಇದ್ದರೆ ಮಾತ್ರ ತಡಮಾಡದೆ ರಕ್ತದೊತ್ತಡ ನೋಡಿಸಬೇಕು. ಉಬ್ಬಿದ ನೀಲಿ ನರಗಳೂ ಚರ್ಮದ ಕೆಳಗಿನ ಮೇಲ್ಪದರದವು, ಹೆರಿಗೆಯ ನಂತರ ಹೆಚ್ಚಿನವರಲ್ಲಿ ತಗ್ಗುತ್ತವೆ. ಆ ನರ ಕೆಂಪಾಗಿ, ಹುರಿಯಂತೆ ಗಟ್ಟಿಯಾಗಿ, ಮುಟ್ಟಿದರೆ ನೋಯುವಂತಾದರೆ ವೈದ್ಯರಿಗೆ ತೋರಿಸಬೇಕು. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಇವೆರಡೂ ಅಲ್ಲ, ಎಡಗಾಲೊಂದೇ ಹೆಚ್ಚು ಊದಿ ನೋಯುತ್ತಿದೆ ಎಂಬ ಮಾತು.

ಬಸುರಿಯರಲ್ಲಿ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಎಡಗಾಲಿನಲ್ಲೇ. ಸೊಂಟದ ಒಳಗೆ ಎಡಗಾಲಿನ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡ ಹಾಯುತ್ತದೆ, ಬೆಳೆಯುವ ಗರ್ಭಕೋಶ ಅದನ್ನು ಇನ್ನಷ್ಟು ಒತ್ತುತ್ತದೆ, ಬಸಿರಿನಲ್ಲಿ ರಕ್ತವೂ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ.

ಈಗ ತಿಕ್ಕುವ ಮಾತು. ‘ರಕ್ತ ನಿಂತಿದೆ, ತಿಕ್ಕಿದರೆ ಹರಿಯುತ್ತದೆ’ ಎಂಬುದು ಹಿರಿಯರ ತರ್ಕ. ಆದರೆ ಹೆಪ್ಪುಗಟ್ಟಿದ ರಕ್ತ ನೀರಾಗಿ ಹರಿಯುವುದಿಲ್ಲ. ಹೊಸ ಹೆಪ್ಪಿನ ತುದಿ ನಾಳದ ಗೋಡೆಗೆ ಸಡಿಲವಾಗಿಯಷ್ಟೇ ಅಂಟಿಕೊಂಡಿರುತ್ತದೆ. ಮೀನಖಂಡವನ್ನು ಹಿಂಡಿ ಮೇಲಕ್ಕೆ ಒತ್ತಿದರೆ ಅದರ ಚೂರು ಕಿತ್ತು, ಹೃದಯದ ಬಲಭಾಗ ದಾಟಿ, ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಳ್ಳಬಹುದು. ತಾಯಿ ಸಾಯುವುದು ಆಗ. ಹಾಗಾದರೆ ಎಣ್ಣೆಯಿಂದ ಎಷ್ಟೋ ಜನರಿಗೆ ಗುಣವಾಗಿದೆಯಲ್ಲ ಎನ್ನುವಿರಿ. ಬಸುರಿಯ ಮೀನಖಂಡದ ನೋವು ಬಹುಪಾಲು ಬರಿಯ ಸೆಳೆತ. ರಾತ್ರಿ ಬಂದು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಬಿಡುತ್ತದೆ. ಊತವೂ ಮಲಗಿದಾಗ ತಾನಾಗಿ ಇಳಿಯುತ್ತದೆ. ಎರಡರ ಕೀರ್ತಿಯೂ ಎಣ್ಣೆಗೆ ಹೋಗುತ್ತದೆ. ದಿನವಿಡೀ ಬಿಡದ, ನಡೆದರೆ ಹೆಚ್ಚಾಗುವ, ಒಂದೇ ಕಾಲಿನ ನೋವು ಸೆಳೆತವಲ್ಲ.

ಕಾಫಿ ತೋಟದ ಲೈನ್‌ಮನೆಯಿಂದ ಬಂದ ಒಬ್ಬಾಕೆಯನ್ನು ನಾನು ಮರೆತಿಲ್ಲ. ಏಳನೆಯ ತಿಂಗಳು. ಬಲಗಾಲಿಗೆ ಸಲೀಸಾಗಿ ಏರುವ ಗಮ್‌ಬೂಟು ಎಡಗಾಲಿಗೆ ಏರುತ್ತಿಲ್ಲ ಎಂಬುದು ಆಕೆಯ ದೂರು. ಮೂರು ರಾತ್ರಿ ತಾಯಿ ಕಾಲು ತಿಕ್ಕಿದ್ದರು. ಮೊಣಕಾಲ ಚಿಪ್ಪಿನ ಕೆಳಗೆ ಮುಂದೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪು ಸುತ್ತಿದೆ: ಬಲಕ್ಕೆ 34.5, ಎಡಕ್ಕೆ 38. ಬಸುರಿಯಲ್ಲಿ 2 ಸೆಂ.ಮೀ. ವ್ಯತ್ಯಾಸವೇ ಸಂಶಯಕ್ಕೆ ಸಾಕು. ನೋವು ಮೀನಖಂಡಕ್ಕಿಂತ ತೊಡೆಸಂದಿನಲ್ಲಿ ಹೆಚ್ಚಿತ್ತು. ಹೆಪ್ಪು ಸೊಂಟದ ಕಡೆ ಇದ್ದರೆ ಹೀಗಾಗುತ್ತದೆ. ಡಾಪ್ಲರ್ ಸ್ಕ್ಯಾನ್ ಮರುದಿನವೇ ಆಗುವಂತಿದ್ದುದರಿಂದ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದನ್ನು ಅಂದೇ ಆರಂಭಿಸಿದೆವು. ಅದು ಮಾಸುವನ್ನು ದಾಟಿ ಮಗುವನ್ನು ತಲುಪುವುದಿಲ್ಲ. ಸ್ಕ್ಯಾನ್‌ನಲ್ಲಿ ತೊಡೆಯ ಅಭಿಧಮನಿ ಒತ್ತಿದರೂ ಮುಚ್ಚಿಕೊಳ್ಳಲಿಲ್ಲ: ಹೆಪ್ಪು ಖಚಿತ. ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಸಂಶಯ ಬಲವಾಗಿದ್ದರೆ ಕೆಲವು ದಿನಗಳ ನಂತರ ಮತ್ತೆ ಮಾಡಬೇಕಾಗುತ್ತದೆ. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯನ್ನು ಮಾತ್ರ ನಂಬಿ ಕೂರುವಂತಿಲ್ಲ, ಬಸಿರಿನಲ್ಲಿ ಅದು ಹೇಗೂ ಏರಿರುತ್ತದೆ.

ನೀವು ಕೇಳದ ಒಂದು ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಈ ಅಪಾಯ ಹೆರಿಗೆಯೊಂದಿಗೆ ಮುಗಿಯುವುದಿಲ್ಲ; ಹೆರಿಗೆಯ ನಂತರದ ವಾರಗಳಲ್ಲಿ ಇನ್ನೂ ಹೆಚ್ಚು, ಸಿಸೇರಿಯನ್ ಆದವರಲ್ಲಿ ಮತ್ತಷ್ಟು. ಅದಕ್ಕಾಗಿಯೇ ಆಕೆಗೆ ಹೆರಿಗೆಯ ನಂತರವೂ ಕನಿಷ್ಠ 6 ವಾರ ಮದ್ದು ಮುಂದುವರಿಸಿದೆವು. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಬೆಚ್ಚಗೆ ಮಲಗಿಸಿ, ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ತಡೆಯುವುದು ಇದೇ ವಾರಗಳಲ್ಲಿ. ವೈದ್ಯರು ಒಪ್ಪಿದಾಕ್ಷಣ ಆಕೆ ಎದ್ದು ಮನೆಯೊಳಗೆ ನಡೆಯಲಿ, ಬಾಯಾರಿದಾಗಲೆಲ್ಲ ನೀರು ಕುಡಿಯಲಿ. ಬಸುರಿಯಾಗಲಿ ಬಾಣಂತಿಯಾಗಲಿ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಬೆಳಗಾಗಲಿ, ಮಳೆ ನಿಲ್ಲಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.