ಟೀಮ್ ‘ಈಸ್’ ಅನ್ನಬೇಕೋ, ‘ಆರ್’ ಅನ್ನಬೇಕೋ?

ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆ ‘ಇಂಗ್ಲೆಂಡ್ ಆರ್ ಬ್ಯಾಟಿಂಗ್’ ಎಂಬ ಮಾತು ಹೊಸದಲ್ಲ. ಇಂಗ್ಲೆಂಡ್ ಒಂದೇ ದೇಶ, ಒಂದೇ ತಂಡ. ಆದರೂ ಬಹುವಚನದ ‘ಆರ್’. ಅಮೆರಿಕದ ಪತ್ರಿಕೆ ತೆರೆದರೆ ಅಲ್ಲಿ ‘ದ ಟೀಮ್ ಈಸ್’, ‘ಬಾಸ್ಟನ್ ಈಸ್’ ಎಂದಿರುತ್ತದೆ. ಇಬ್ಬರೂ ಓದಿದವರೇ, ಇಬ್ಬರದೂ ತಪ್ಪಲ್ಲ. ಒಬ್ಬರು ಪದದ ರೂಪ ನೋಡಿ ಕ್ರಿಯಾಪದ ಹಾಕುತ್ತಾರೆ, ಇನ್ನೊಬ್ಬರು ಅರ್ಥವನ್ನೂ ನೋಡುತ್ತಾರೆ.

ಅರ್ಥ ನೋಡಿ ಕ್ರಿಯಾಪದ ಹಾಕುವುದು ನಮಗೂ ಗೊತ್ತಿರುವ ಕೆಲಸವೇ. ‘ಜನ ಬಂದಿದ್ದಾರೆ’ ಎನ್ನುತ್ತೇವೆ. ‘ಜನ’ ಪದಕ್ಕೆ ‘ಗಳು’ ಇಲ್ಲ, ‘ಅರು’ ಇಲ್ಲ. ಆದರೆ ಅದರೊಳಗೆ ಮನುಷ್ಯರು ಇದ್ದಾರೆ, ಅಷ್ಟು ಸಾಕು. ಬ್ರಿಟಿಷರು ಟೀಮ್, ಕಮಿಟಿ, ಗವರ್ನಮೆಂಟ್, ಫ್ಯಾಮಿಲಿ, ಸ್ಟಾಫ್ ಮೊದಲಾದ ಪದಗಳಿಗೆ ಇದೇ ಸವಲತ್ತು ಕೊಟ್ಟಿದ್ದಾರೆ. ತಂಡದ ಆಟಗಾರರು ತಮ್ಮತಮ್ಮಲ್ಲೇ ಜಗಳಾಡುತ್ತಿದ್ದರೆ ‘ದ ಟೀಮ್ ಆರ್ ಆರ್ಗ್ಯುಯಿಂಗ್’. ತಂಡ ಶುರುವಾಗಿ ನೂರು ವರ್ಷವಾಗಿದ್ದರೆ ‘ದ ಟೀಮ್ ಈಸ್ ಎ ಹಂಡ್ರೆಡ್ ಇಯರ್ಸ್ ಓಲ್ಡ್’. ಜಗಳಾಡುವವರು ಆಟಗಾರರು, ನೂರು ವರ್ಷದ್ದು ಸಂಸ್ಥೆ. ಆಟಗಾರರಿಗೇ ನೂರು ತುಂಬಿದ್ದರೆ ಪಂದ್ಯ ನೋಡುವ ಹಾಗೇ ಇರುತ್ತಿರಲಿಲ್ಲ.

ಶಾಲೆಯ ವ್ಯಾಕರಣ ಪುಸ್ತಕ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ: ಗುಂಪು ಎಂದುಕೊಂಡರೆ ಏಕವಚನ, ಜನ ಎಂದುಕೊಂಡರೆ ಬಹುವಚನ. ಆದರೆ ಬರೀ ಎಂದುಕೊಳ್ಳುವುದಷ್ಟೇ ಆಗಿದ್ದರೆ ‘ದೀಸ್ ಕಮಿಟಿ’ ಎಂದೂ ಹೇಳಬಹುದಿತ್ತು, ಅಲ್ವಾ? ಯಾವ ಬ್ರಿಟಿಷರೂ ಹಾಗೆ ಹೇಳುವುದಿಲ್ಲ. ‘ದಿಸ್ ಕಮಿಟಿ ಹ್ಯಾವ್ ಡಿಸೈಡೆಡ್’ ಎನ್ನುತ್ತಾರೆ. ಅಂದರೆ ಒಂದೇ ವಾಕ್ಯದಲ್ಲಿ, ಒಂದೇ ಪದಕ್ಕೆ, ಎಡಗಡೆ ಏಕವಚನ, ಬಲಗಡೆ ಬಹುವಚನ. ಕೇಳುವವರಿಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ.

ಇದರ ಹಿಂದೆ ಒಂದು ಕ್ರಮ ಇದೆ ಎಂದು ತೋರಿಸಿದವರು ಬ್ರಿಟಿಷ್ ಭಾಷಾವಿಜ್ಞಾನಿ ಗ್ರೆವಿಲ್ ಕಾರ್ಬೆಟ್. 1979ರಲ್ಲಿ ಅವರು ಇದನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಮೊದಲ ಮೆಟ್ಟಿಲು ನಾಮಪದಕ್ಕೆ ಅಂಟಿಕೊಂಡೇ ಇರುವ ‘ದಿಸ್’, ‘ದೀಸ್’ ಥರದ ಪದ. ಎರಡನೆಯದು ಕ್ರಿಯಾಪದ. ಮೂರನೆಯದು ‘ಹೂ’, ‘ವಿಚ್’ ಎಂಬ ಜೋಡಿಸುವ ಪದ. ನಾಲ್ಕನೆಯದು ‘ಇಟ್’, ‘ದೇ’ ಎಂಬ ಸರ್ವನಾಮ. ಮೇಲೆ ಹೋದಷ್ಟೂ ರೂಪದ ಹಿಡಿತ ಸಡಿಲವಾಗುತ್ತದೆ, ಅರ್ಥದ ಕೈ ಮೇಲಾಗುತ್ತದೆ. ರೂಪದಿಂದ ಅರ್ಥಕ್ಕೆ ಬೇರೆಬೇರೆ ಜನ ಬೇರೆಬೇರೆ ಮೆಟ್ಟಿಲಲ್ಲಿ ದಾಟಬಹುದು. ಆದರೆ ಒಮ್ಮೆ ದಾಟಿದ ಮೇಲೆ ಹಿಂದಕ್ಕೆ ಬರುವುದು ಕಷ್ಟ.

ಬ್ರಿಟಿಷರು ಎರಡನೇ ಮೆಟ್ಟಿಲಲ್ಲೇ ದಾಟಬಲ್ಲರು. ಅಮೆರಿಕನ್ನರು ಅಲ್ಲಿ ‘ಈಸ್’ ಹಿಡಿದುಕೊಂಡೇ ಇರುತ್ತಾರೆ, ಆದರೆ ಮುಂದಿನ ಸಾಲಿಗೆ ಹೋದಾಗ ಅವರೂ ಜಾರುತ್ತಾರೆ. ‘ದ ಟೀಮ್ ಈಸ್ ಪ್ಲೇಯಿಂಗ್ ವೆಲ್. ದೇ ಡಿಸರ್ವ್ ಟು ವಿನ್’ ಎಂದು ಅಮೆರಿಕದವರು ಸಲೀಸಾಗಿ ಹೇಳುತ್ತಾರೆ. ಇದನ್ನೇ ತಿರುಗಿಸಿ ‘ದ ಟೀಮ್ ಆರ್ ಪ್ಲೇಯಿಂಗ್ ವೆಲ್. ಇಟ್ ಡಿಸರ್ವ್ಸ್ ಟು ವಿನ್’ ಎಂದು ನೋಡಿ. ಬ್ರಿಟನ್ನಿನವರ ಕಿವಿಗೂ ಅದು ಎಡವಿದ ಹಾಗೆ ಕೇಳುತ್ತದೆ. ಕಂಪನಿಯ ಮೇಲ್‌ನಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಇದನ್ನೇ. ‘ಈಸ್’ ಬರೆದಿರೋ ‘ಆರ್’ ಬರೆದಿರೋ ಅಷ್ಟು ಮುಖ್ಯವಲ್ಲ. ಬಹುವಚನಕ್ಕೆ ಹೋಗಿ ಮತ್ತೆ ಏಕವಚನಕ್ಕೆ ವಾಪಸ್ ಬಂದಿದ್ದರೆ ಓದುವವರು ತಡವರಿಸುತ್ತಾರೆ.

‘ಎವ್ರಿಬಡಿ’, ‘ಎವ್ರಿವನ್’ ಪದಗಳನ್ನು ಇದೇ ಮೆಟ್ಟಿಲ ಮೇಲೆ ಇಟ್ಟು ನೋಡಿದರೆ ಅವುಗಳ ಗೊಂದಲ ಅರ್ಧ ಕರಗುತ್ತದೆ. ಇವು ಕ್ರಿಯಾಪದದ ಮೆಟ್ಟಿಲಲ್ಲಿ ದಾಟುವುದೇ ಇಲ್ಲ, ಬ್ರಿಟನ್ನಿನಲ್ಲೂ ಇಲ್ಲ. ಎಲ್ಲೆಡೆ ‘ಎವ್ರಿಬಡಿ ಹ್ಯಾಸ್ ಕಮ್’. ಆದರೆ ಕೊನೆಗೆ ಬಾಲದಂತೆ ಒಂದು ಪ್ರಶ್ನೆ ಸೇರಿಸಿ: ‘ಎವ್ರಿಬಡಿ ಹ್ಯಾಸ್ ಕಮ್, ಹ್ಯಾವಂಟ್ ದೇ?’ ಅರ್ಧ ವಾಕ್ಯ ಏಕವಚನ, ಉಳಿದರ್ಧ ಬಹುವಚನ. ‘ಹ್ಯಾಸಂಟ್ ಹಿ?’ ಎಂದರೆ ನಗು ಬರುತ್ತದೆ. ಸರ್ವನಾಮದ ಮೆಟ್ಟಿಲು ಬಂದ ಕೂಡಲೇ ‘ದೇ’ ಬಂತು. ಹಿಂದಿನ ಕಾಲದ ಎಷ್ಟೋ ಮೇಷ್ಟ್ರುಗಳು ಈ ‘ದೇ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಹಿ’ ಬರೆಸುತ್ತಿದ್ದರು. ನನ್ನ ಮಟ್ಟಿಗೆ ಅದು ಸುಮ್ನೆ ಹಟ. ಇಂಥ ‘ದೇ’ ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೇ ಇದೆ.

ಕನ್ನಡದವರು ‘ಎವ್ರಿಬಡಿ ಹ್ಯಾವ್ ಕಮ್’ ಎಂದು ಬರೆಯುವುದಕ್ಕೂ ಕಾರಣ ಇದೆ. ನಮ್ಮ ‘ಎಲ್ಲರೂ’, ‘ಪ್ರತಿಯೊಬ್ಬರೂ’ ಎರಡೂ ಬಹುವಚನದ ಕ್ರಿಯಾಪದವನ್ನೇ ಬೇಡುತ್ತವೆ. ಆ ಅಭ್ಯಾಸ ಇಂಗ್ಲಿಷಿಗೂ ಹಿಂಬಾಲಿಸುತ್ತದೆ.

‘ಈಚ್ ಆಫ್ ದ ಪ್ಲೇಯರ್ಸ್ ಆರ್’ ಎಂಬ ತಪ್ಪು ಮಾತ್ರ ಬೇರೆ ಜಾತಿಯದು. ಇಲ್ಲಿ ಅರ್ಥದ ಜೊತೆಗೆ ಪಕ್ಕದ ಪದವೂ ಎಳೆಯುತ್ತದೆ. 1991ರಲ್ಲಿ ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಸಂಶೋಧಕಿಯರು ಇದನ್ನು ಪ್ರಯೋಗ ಮಾಡಿ ನೋಡಿದರು. ‘ದ ಕೀ ಟು ದ ಕ್ಯಾಬಿನೆಟ್ಸ್’ ಎಂಬಂಥ ಅರ್ಧ ವಾಕ್ಯ ಕೊಟ್ಟು, ಉಳಿದದ್ದನ್ನು ಬಾಯಲ್ಲಿ ಪೂರ್ತಿ ಮಾಡಿ ಎಂದರು. ಕೀಲಿ ಒಂದೇ, ಬೀರುಗಳು ಹಲವು. ಇಂಗ್ಲಿಷ್ ಮನೆಮಾತಾದವರೂ ಆಗಾಗ ‘ಆರ್’ ಎಂದುಬಿಟ್ಟರು. ಕೀಲಿಗಳು ಹಲವು, ಬೀರು ಒಂದು ಎಂದಾಗ ಆ ಥರದ ತಪ್ಪು ತೀರಾ ಕಡಿಮೆ. ಬಹುವಚನ ಹತ್ತಿರವಿದ್ದರೆ ಎಳೆಯುತ್ತದೆ, ಏಕವಚನ ಅಷ್ಟಾಗಿ ಎಳೆಯುವುದಿಲ್ಲ. ಬರೆದ ಮೇಲೆ ‘ಆಫ್’ನಿಂದ ಶುರುವಾಗುವ ತುಂಡನ್ನು ಬೆರಳಲ್ಲಿ ಮುಚ್ಚಿ ಓದಿದರೆ ಈ ತಪ್ಪು ಸಿಕ್ಕಿಬೀಳುತ್ತದೆ: ‘ಈಚ್ ಈಸ್’. ‘ಯಾರೂ ಇಲ್ಲ’ ಎನ್ನುವಾಗ ಬರುವ ‘ನನ್’ ಎಂಬ ಪದಕ್ಕೆ ಈ ಉಪಾಯ ಬೇಡ. ಹಳೆಯ ಇಂಗ್ಲಿಷಿನ ಕಾಲದಿಂದಲೂ ಅದಕ್ಕೆ ಎರಡೂ ವಚನ ನಡೆಯುತ್ತದೆ.

ಮತ್ತೆ ಟೀಮಿಗೆ ಬರೋಣ. ಬ್ರಿಟಿಷರ ‘ಆರ್’ ಬರೀ ರೂಢಿಯಲ್ಲ, ಅರ್ಥವನ್ನೇ ಬದಲಿಸುತ್ತದೆ ಎನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪುರಾವೆ ಒಂದಿದೆ. 2002ರಲ್ಲಿ ಉಲಿ ಸೌಯರ್‌ಲ್ಯಾಂಡ್ ಮತ್ತು ಪಾಲ್ ಎಲ್ಬೋರ್ನ್ ಎಂಬ ಭಾಷಾವಿಜ್ಞಾನಿಗಳು ಇದನ್ನು ಚರ್ಚಿಸಿದರು. ಒಂದು ಫುಟ್‌ಬಾಲ್ ಕಪ್‌ನಲ್ಲಿ ನಾಲ್ಕು ತಂಡ ಉಳಿದಿವೆ ಎಂದುಕೊಳ್ಳಿ. ಮೂರು ಉತ್ತರ ಇಂಗ್ಲೆಂಡಿನವು, ಒಂದು ದಕ್ಷಿಣದ್ದು. ಯಾವುದು ಗೆಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಆದರೂ ಫೈನಲ್‌ನಲ್ಲಿ ಉತ್ತರದ ತಂಡ ಒಂದಾದರೂ ಇರಲೇಬೇಕು. ಆಗ ‘ಎ ನಾರ್ದರ್ನ್ ಟೀಮ್ ಈಸ್ ಸರ್ಟನ್ ಟು ಬಿ ಇನ್ ದ ಫೈನಲ್’ ಎಂಬ ಮಾತು ನಿಜ. ಇಲ್ಲಿ ‘ಈಸ್’ ತೆಗೆದು ‘ಆರ್’ ಹಾಕಿದರೆ ಮಾತು ಸುಳ್ಳಾಗುತ್ತದೆ. ‘ಆರ್’ ಎಂದ ಕೂಡಲೇ, ಯಾವುದೋ ಒಂದು ನಿರ್ದಿಷ್ಟ ತಂಡವಿದೆ, ಅದಕ್ಕೆ ಫೈನಲ್ ಖಚಿತ ಎಂಬ ಅರ್ಥವಷ್ಟೇ ಉಳಿಯುತ್ತದೆ.

ಯೋಚಿಸಿದರೆ ಇದು ಸರಿಯಾಗಿಯೇ ಇದೆ. ಬಹುವಚನಕ್ಕೆ ತಂಡದೊಳಗಿನ ಆಟಗಾರರು ಬೇಕು. ಯಾವ ತಂಡ ಎಂದೇ ಗೊತ್ತಾಗದಿದ್ದರೆ ಯಾವ ಆಟಗಾರರನ್ನು ಎಣಿಸುವುದು? ‘ದೇರ್ ಆರ್ ಎ ಟೀಮ್’ ಎಂದು ಬ್ರಿಟನ್ನಿನಲ್ಲೂ ಒಪ್ಪದಿರುವುದು ಇದಕ್ಕೆ ಹೊಂದುತ್ತದೆ. ಒಂದು ತಂಡ ಇದೆ ಎಂದು ಆಗಷ್ಟೇ ಹೇಳುತ್ತಿದ್ದೇವೆ, ಅದರೊಳಗೆ ಇಣುಕುವ ಹೊತ್ತು ಇನ್ನೂ ಬಂದಿಲ್ಲ. ಅಲ್ಲಿ ‘ದೇರ್ ಈಸ್’ ಒಂದೇ ದಾರಿ.

ಇಷ್ಟಾದರೂ ಅಮೆರಿಕನ್ನರು ಪೂರ್ತಿ ರೂಪಕ್ಕೇ ಕಟ್ಟುಬಿದ್ದವರಲ್ಲ. ಅವರ ಹೆಚ್ಚಿನ ಆಟದ ತಂಡಗಳ ಹೆಸರು ಬಹುವಚನದಲ್ಲೇ ಮುಗಿಯುತ್ತವೆ, ಹಾಗಾಗಿ ‘ದ ಸೆಲ್ಟಿಕ್ಸ್ ಆರ್’ ಎಂದರೆ ಯಾರಿಗೂ ತಕರಾರಿಲ್ಲ. ತೊಂದರೆ ಶುರುವಾಗುವುದು ಮಿಯಾಮಿ ಹೀಟ್, ಯೂಟಾ ಜಾಝ್ ಥರದ ಹೆಸರುಗಳಲ್ಲಿ. ಹೀಟ್ ಎಂದರೆ ಬಿಸಿ, ಜಾಝ್ ಎಂದರೆ ಸಂಗೀತ, ಎರಡೂ ಏಕವಚನ. ನಿಯಮದ ಪ್ರಕಾರ ‘ಈಸ್’ ಬರಬೇಕು. ಆದರೆ ಅಮೆರಿಕದ ಕ್ರೀಡಾ ವರದಿಗಾರರು ಅಲ್ಲಿ ‘ದ ಹೀಟ್ ಆರ್’ ಎಂದೇ ಬರೆಯುವುದು ಜಾಸ್ತಿ.